ಬೆರಳ ತುದಿ ಉಬ್ಬಿ ಉಗುರು ಬಾಗಿದೆಯೇ? ಒಮ್ಮೆ ಎದೆಯ ಎಕ್ಸ್‌ರೇ ಮಾಡಿಸಿ

ಮಂಗಳೂರಿನಿಂದ ಸೇಲಂಗೆ ಸರಕು ಸಾಗಿಸುವ ಲಾರಿ ಚಾಲಕರೊಬ್ಬರನ್ನು ಊಹಿಸಿಕೊಳ್ಳಿ. ವಯಸ್ಸು 52. ಧರ್ಮಪುರಿ ದಾಟಿ, ತೊಪ್ಪೂರು ಘಾಟಿ ಇಳಿಯುವ ಮೊದಲು ನಲ್ಲಂಪಳ್ಳಿಯಲ್ಲಿ ಚಹಾಕ್ಕೆ ನಿಲ್ಲಿಸಿದ್ದಾರೆ. ಗ್ಲಾಸ್ ಹಿಡಿದ ಅವರ ಕೈ ನೋಡಿ ಜೊತೆಗಿದ್ದ ಕ್ಲೀನರ್ ಹುಡುಗ ಕೇಳುತ್ತಾನೆ: "ಕಾಕಾ, ನಿಮ್ಮ ಬೆರಳಿನ ತುದಿ ಯಾಕೆ ಹೀಗೆ ದಪ್ಪ ಆಗಿದೆ?"

"ಸ್ಟೇರಿಂಗ್ ಹಿಡಿದು ಹಿಡಿದು ಹೀಗಾಗಿದೆ, ಬಿಡು ಮಾರಾಯ."

ಇಂಥ ಉತ್ತರ ನಮ್ಮ ಮನೆಗಳಲ್ಲೂ ಕೇಳಿಬರುತ್ತದೆ. ಆದರೆ ಸ್ಟೇರಿಂಗ್ ಹಿಡಿದರೆ ಅಂಗೈಯಲ್ಲಿ ಗಂಟು ಬೀಳಬಹುದು, ಹತ್ತೂ ಬೆರಳುಗಳ ತುದಿ ಉರುಟಾಗಿ ಉಗುರು ಬಾಗುವುದಿಲ್ಲ. ವೈದ್ಯರು ಇದನ್ನು ಕ್ಲಬ್ಬಿಂಗ್ ಎನ್ನುತ್ತಾರೆ. ಇದು ಬೆರಳಿನ ಕಾಯಿಲೆಯಲ್ಲ. ಹೆಚ್ಚಾಗಿ ಎದೆಯೊಳಗಿನ ಯಾವುದೋ ತೊಂದರೆ ಬೆರಳಿನಲ್ಲಿ ಕಾಣಿಸಿಕೊಳ್ಳುವ ರೀತಿ ಇದು. ನೋವಿಲ್ಲದೆ, ವಾರ-ತಿಂಗಳುಗಳಲ್ಲಿ ನಿಧಾನವಾಗಿ ಬರುವುದರಿಂದ ಆ ವ್ಯಕ್ತಿಗೇ ಗೊತ್ತಾಗುವುದಿಲ್ಲ. ಹೆಚ್ಚಾಗಿ ಬೇರೆಯವರೇ ಗಮನಿಸುವುದು.

ಮನೆಯಲ್ಲೇ ನೋಡುವುದು ಹೇಗೆ?

ಎರಡೂ ಕೈಗಳ ತೋರುಬೆರಳನ್ನು ಮಡಚಿ, ಉಗುರಿಗೆ ಉಗುರು ತಾಗುವಂತೆ ಬೆನ್ನಿಗೆ ಬೆನ್ನು ಸೇರಿಸಿ ಬೆಳಕಿನೆದುರು ಹಿಡಿಯಿರಿ. ಸಾಮಾನ್ಯ ಬೆರಳಾದರೆ ಎರಡು ಉಗುರುಗಳ ಬುಡದ ನಡುವೆ ವಜ್ರಾಕಾರದ ಸಣ್ಣ ಕಿಂಡಿಯೊಂದು ಕಾಣುತ್ತದೆ, ಅದರಲ್ಲಿ ಬೆಳಕು ತೂರಿ ಬರುತ್ತದೆ. ಕ್ಲಬ್ಬಿಂಗ್ ಇದ್ದರೆ ಉಗುರಿನ ಬುಡ ಉಬ್ಬಿರುವುದರಿಂದ ಆ ಕಿಂಡಿ ಮುಚ್ಚಿಹೋಗುತ್ತದೆ.

ಈ ಪರೀಕ್ಷೆಯನ್ನು 1976ರಲ್ಲಿ ಬರೆದು ತಿಳಿಸಿದವರು ದಕ್ಷಿಣ ಆಫ್ರಿಕಾದ ಹೃದ್ರೋಗ ತಜ್ಞ ಲಿಯೋ ಶಾಮ್ರೋತ್. ಅವರಿಗೇ ಹೃದಯದ ಒಳಪದರದ ಸೋಂಕು ಬಂದಿತ್ತು. ತಮ್ಮ ಬೆರಳಿನಲ್ಲಾದ ಬದಲಾವಣೆಯನ್ನು ನೋಡಿಯೇ ಅವರು ಇದನ್ನು ಬರೆದರು.

ಇನ್ನೊಂದು ವಿಧಾನ, ಬೆರಳನ್ನು ಪಕ್ಕದಿಂದ ನೋಡುವುದು. ಸಾಮಾನ್ಯವಾಗಿ ಉಗುರು ಚರ್ಮದಿಂದ ಹೊರಡುವ ಜಾಗದಲ್ಲಿ ಸಣ್ಣ ತಗ್ಗು ಇರುತ್ತದೆ, ಅಲ್ಲಿನ ಕೋನ ಸುಮಾರು 160 ಡಿಗ್ರಿ. ಕ್ಲಬ್ಬಿಂಗ್‌ನಲ್ಲಿ ಮೊದಲು ಆ ತಗ್ಗು ಮಾಯವಾಗುತ್ತದೆ, ಆಮೇಲೆ ಕೋನ 180 ಡಿಗ್ರಿ ದಾಟುತ್ತದೆ. ಬುಡವನ್ನು ಒತ್ತಿದರೆ ಉಗುರು ಸ್ಪಂಜಿನ ಮೇಲೆ ತೇಲಿದಂತೆ ಅನಿಸುತ್ತದೆ. ತುಂಬಾ ಮುಂದುವರಿದಾಗ ಬೆರಳ ತುದಿ ಡೋಲು ಬಾರಿಸುವ ಕೋಲಿನ ತುದಿಯಂತೆ ಕಾಣುತ್ತದೆ.

ಉಗುರು ಚಮಚದ ಹಾಗೆ ಒಳಕ್ಕೆ ಗುಳಿ ಬಿದ್ದಿದ್ದರೆ ಅದು ಬೇರೆಯೇ ವಿಷಯ. ಅದು ಕಬ್ಬಿಣದ ಅಂಶ ಕಡಿಮೆಯಾದಾಗ ಬರುವಂಥದ್ದು. ನಮ್ಮ ಹೆಂಗಸರ ಕೈಯಲ್ಲಿ ಮದರಂಗಿ ಇದ್ದರೆ ಉಗುರಿನ ನೀಲಿ ಬಣ್ಣ ಮರೆಯಾಗಬಹುದು, ಆದರೆ ಆಕಾರ ಮರೆಯಾಗದು. ಹಾಗಾಗಿ ಕಿಂಡಿ ಪರೀಕ್ಷೆಗೆ ಮದರಂಗಿ ಅಡ್ಡಿಯಲ್ಲ.

ದೂರದ ಬೆರಳಿಗೆ ಯಾಕೆ ಬರುತ್ತದೆ?

ರಕ್ತದ ಪ್ಲೇಟ್‌ಲೆಟ್‌ಗಳು ದೊಡ್ಡ ತಾಯಿಕಣಗಳಿಂದ ಹುಟ್ಟುತ್ತವೆ. ಈ ದೊಡ್ಡ ಕಣಗಳು ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ಅಲ್ಲೇ ಒಡೆಯಬೇಕು. ಶ್ವಾಸಕೋಶ ಹಾಳಾಗಿದ್ದರೆ, ಅಥವಾ ಹೃದಯದ ತೂತಿನ ಮೂಲಕ ರಕ್ತ ಶ್ವಾಸಕೋಶಕ್ಕೆ ಹೋಗದೆ ಅಡ್ಡದಾರಿ ಹಿಡಿದರೆ, ಅವು ಇಡಿಯಾಗಿ ಬೆರಳ ತುದಿಗೆ ಬಂದು ಸಿಕ್ಕಿಕೊಳ್ಳುತ್ತವೆ. ಅಲ್ಲಿ ಅವು ಬಿಡುವ ರಾಸಾಯನಿಕಗಳಿಂದ ಹೊಸ ರಕ್ತನಾಳ ಮತ್ತು ಅಂಗಾಂಶ ಬೆಳೆದು ತುದಿ ಉಬ್ಬುತ್ತದೆ. ಇಂದು ಹೆಚ್ಚು ಒಪ್ಪಿತವಾದ ವಿವರಣೆ ಇದು.

"ಬೀಡಿ ಕೆಮ್ಮು" ಅಂತ ಬಿಡಬೇಡಿ

ಈಗ ನಮ್ಮ ಚಾಲಕ ಕಾಕನ ವಿಷಯಕ್ಕೆ ಬರೋಣ. ಇಪ್ಪತ್ತೆಂಟು ವರ್ಷದಿಂದ ಬೀಡಿ ಸೇದುತ್ತಿದ್ದಾರೆ. ಕೆಮ್ಮು, ದಮ್ಮು ಇದೆ, ಇನ್ಹೇಲರ್ ಕೂಡ ಇದೆ. ಬೆರಳು ದಪ್ಪ ಆದದ್ದೂ ದಮ್ಮಿನಿಂದಲೇ ಎಂದು ಮನೆಯವರ ಲೆಕ್ಕ. ಇಲ್ಲೇ ತಪ್ಪಾಗುವುದು. ಅಸ್ತಮಾದಿಂದಾಗಲಿ, ಬೀಡಿ-ಸಿಗರೇಟು ಸೇದುವವರಿಗೆ ಬರುವ ಸಾಮಾನ್ಯ ದಮ್ಮು ಕಾಯಿಲೆಯಿಂದಾಗಲಿ ಕ್ಲಬ್ಬಿಂಗ್ ಬರುವುದಿಲ್ಲ. ಇನ್ಹೇಲರ್ ಬಳಸುವವರ ಬೆರಳು ಹೊಸದಾಗಿ ಉಬ್ಬಿದರೆ, ದಮ್ಮಿನ ಜೊತೆ ಬೇರೊಂದು ಕಾಯಿಲೆ ಇದೆಯೇ ಎಂದು ಹುಡುಕಲೇಬೇಕು.

ವೈದ್ಯರು ಮೊದಲು ಎದೆಯ ಎಕ್ಸ್‌ರೇ ಮಾಡಿಸುತ್ತಾರೆ, ಕಫ ಇದ್ದರೆ ಕ್ಷಯ ಪರೀಕ್ಷೆಗೆ ಕಳುಹಿಸುತ್ತಾರೆ. ಸರಕಾರಿ ಆಸ್ಪತ್ರೆಗಳಲ್ಲಿ ಈ ಕಫ ಪರೀಕ್ಷೆ ಉಚಿತ. ಮುಖ್ಯವಾಗಿ ಮೂರು ಸಾಧ್ಯತೆಗಳು ಅವರ ಮನಸ್ಸಿನಲ್ಲಿರುತ್ತವೆ. ಹಿಂದೊಮ್ಮೆ ಕ್ಷಯ ಬಂದು ಹೋಗಿದ್ದು, ಈಗ ದಿನಾ ಬೆಳಿಗ್ಗೆ ರಾಶಿ ಕಫ, ಕೆಲವೊಮ್ಮೆ ದುರ್ವಾಸನೆ ಇದ್ದರೆ, ಶ್ವಾಸನಾಳಗಳು ಶಾಶ್ವತವಾಗಿ ಹಿಗ್ಗಿ ಕೀವು ನಿಲ್ಲುತ್ತಿರಬಹುದು. ಒಣ ಕೆಮ್ಮು ಇದ್ದು, ಮೆಟ್ಟಿಲು ಹತ್ತುವಾಗಿನ ಏದುಸಿರು ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಿದ್ದರೆ, ಶ್ವಾಸಕೋಶ ಗಟ್ಟಿಯಾಗುತ್ತಾ ಬರುವ ಫೈಬ್ರೋಸಿಸ್ ಇರಬಹುದು. ಕಫದಲ್ಲಿ ರಕ್ತ, ತೂಕ ಇಳಿಕೆ, ಸ್ವರ ಒಡೆಯುವುದು ಇದ್ದರೆ ಶ್ವಾಸಕೋಶದ ಕ್ಯಾನ್ಸರ್ ಅಲ್ಲವೆಂದು ಖಚಿತ ಮಾಡಿಕೊಳ್ಳಬೇಕು.

ನಮ್ಮ ಕಾಕನಿಗೆ ಮಣಿಕಟ್ಟು, ಹಿಮ್ಮಡಿಗಂಟು ನೋವೂ ಇದೆ ಅಂದುಕೊಳ್ಳಿ. "ವಾತ" ಎಂದು ಎಣ್ಣೆ ಹಚ್ಚುತ್ತಿದ್ದಾರೆ. ಕ್ಲಬ್ಬಿಂಗ್ ಜೊತೆ ಈ ನೋವು ಬಂದರೆ ಕ್ಯಾನ್ಸರ್‌ನ ಸಂಶಯ ಇನ್ನೂ ಜಾಸ್ತಿ, ಯಾಕೆಂದರೆ ಅದೇ ಪ್ರಕ್ರಿಯೆ ಉದ್ದ ಎಲುಬುಗಳ ಮೇಲ್ಪದರವನ್ನೂ ಊದಿಸುತ್ತದೆ. ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೂ ಇಂಥವರಿಗೆ ಸಿಟಿ ಸ್ಕ್ಯಾನ್ ಬೇಕಾಗುತ್ತದೆ. ಸಣ್ಣ ಗಡ್ಡೆ ಹೃದಯದ ನೆರಳಿನ ಹಿಂದೆ ಅಡಗಿರಬಹುದು. ಗಡ್ಡೆ ಸಣ್ಣದಿರುವಾಗಲೇ ಸಿಕ್ಕರೆ ಶಸ್ತ್ರಚಿಕಿತ್ಸೆ ಸಾಧ್ಯವಾಗಬಹುದು. ಎಣ್ಣೆ ಹಚ್ಚುತ್ತಾ ಆರು ತಿಂಗಳು ಕಳೆದರೆ ಆ ಅವಕಾಶ ಉಳಿಯದೆ ಹೋಗಬಹುದು.

ಮಕ್ಕಳಲ್ಲಿ ಆದರೆ ಹೃದಯ

ಮಗುವಿನ ಬೆರಳು ಹೀಗಾದರೆ ಮೊದಲು ತುಟಿ, ನಾಲಗೆ ನೋಡಿ. ಅವು ನೀಲಿ ಇದ್ದರೆ ಹುಟ್ಟಿನಿಂದ ಬಂದ ಹೃದಯದ ದೋಷ ಇರಬಹುದು. ಆಟದ ಮಧ್ಯೆ ಸುಸ್ತಾಗಿ ಕುಕ್ಕರುಗಾಲಲ್ಲಿ ಕೂರುವುದು ಇನ್ನೊಂದು ಗುರುತು. ಕ್ಲಬ್ಬಿಂಗ್ ಹುಟ್ಟಿದ ಕೂಡಲೇ ಇರುವುದಿಲ್ಲ, ತಿಂಗಳುಗಟ್ಟಲೆ ಆಮ್ಲಜನಕ ಕಡಿಮೆಯಾದ ಮೇಲೆ ಬರುತ್ತದೆ. ಅಂದರೆ ಅದು ಕಾಣುವಷ್ಟರಲ್ಲಿ ತಡವಾಗಿದೆ. ಅಂಗನವಾಡಿ ಮತ್ತು ಸರಕಾರಿ ಶಾಲೆಗೆ ಬರುವ ಆರ್‌ಬಿಎಸ್‌ಕೆ ವೈದ್ಯರ ತಂಡ ಹೃದಯದ ದೋಷವನ್ನೂ ತಪಾಸಣೆ ಮಾಡಿ ಮುಂದಿನ ಆಸ್ಪತ್ರೆಗೆ ಕಳುಹಿಸುತ್ತದೆ. ಆ ದಿನ ಮಗುವನ್ನು ತಪ್ಪಿಸಬೇಡಿ.

ಹೃದಯದ ಕವಾಟ ಹಾಳಾಗಿರುವ ದೊಡ್ಡವರಿಗೆ ವಾರಗಟ್ಟಲೆ ಬಿಡದೆ ಜ್ವರ ಇದ್ದು ಬೆರಳೂ ಉಬ್ಬಿದರೆ, ಶಾಮ್ರೋತ್ ಅವರಿಗೆ ಬಂದಂಥ ಒಳಪದರದ ಸೋಂಕಿನ ಸಂಶಯ ಬರಬೇಕು. ಅದಕ್ಕೆ ಜ್ವರದ ಮಾತ್ರೆ ನುಂಗುತ್ತಾ ಕೂರಬಾರದು. ರಕ್ತದ ಕಲ್ಚರ್ ಮತ್ತು ಎಕೋ ಪರೀಕ್ಷೆ ಬೇಕು.

ಎಲ್ಲರಿಗೂ ಗಾಬರಿ ಬೇಡ

ತಂದೆಗೂ ಅಜ್ಜನಿಗೂ ಇದೇ ಥರ ಬೆರಳಿದ್ದು, ನಿಮ್ಮದೂ ಚಿಕ್ಕಂದಿನಿಂದ ಹಾಗೇ ಇದ್ದರೆ ಅದು ವಂಶಪಾರಂಪರ್ಯದ ಆಕಾರ ಇರಬಹುದು, ತೊಂದರೆಯಿಲ್ಲ. ಕರುಳು ಮತ್ತು ಲಿವರ್‌ನ ಕೆಲವು ಕಾಯಿಲೆಗಳಲ್ಲೂ ಬೆರಳು ಹೀಗಾಗುತ್ತದೆ. ಇನ್ನೊಂದು ಮಾತು, ಕಿಂಡಿ ಕಾಣುತ್ತಿದೆ ಅಂತ ಎದೆ ಸರಿಯಿದೆ ಎಂದರ್ಥವಲ್ಲ. ಶ್ವಾಸಕೋಶದ ಕ್ಯಾನ್ಸರ್ ಇರುವ ಅನೇಕರ ಬೆರಳು ಮಾಮೂಲಾಗಿಯೇ ಇರುತ್ತದೆ. ಎರಡು ವಾರ ದಾಟಿದ ಕೆಮ್ಮಿಗೆ ಬೆರಳು ಹೇಗೇ ಇರಲಿ, ಪರೀಕ್ಷೆ ಬೇಕು.

ಬೆರಳಿಗೆಂದೇ ಬೇರೆ ಔಷಧಿ ಇಲ್ಲ. ಮೂಲ ಕಾಯಿಲೆ ಗುಣವಾದರೆ ಕೆಲವರಲ್ಲಿ ಬೆರಳು ನಿಧಾನವಾಗಿ ಮೊದಲಿನಂತಾಗುತ್ತದೆ. ನಮ್ಮ ಕಾಕ ಸೇಲಂನಲ್ಲಿ ಲೋಡ್ ಇಳಿಸಿ ಊರಿಗೆ ಬಂದ ಮೇಲೆ ವೈದ್ಯರ ಬಳಿ ಹೇಳಬೇಕಾದದ್ದು ಇಷ್ಟೇ: "ಡಾಕ್ಟ್ರೇ, ನನ್ನ ಬೆರಳು ಮೊದಲು ಹೀಗಿರಲಿಲ್ಲ. ಈಗ ಕೆಲವು ತಿಂಗಳಿಂದ ಹೀಗಾಗಿದೆ." ಬದಲಾವಣೆ ಯಾವಾಗ ಶುರುವಾಯಿತು ಎಂಬುದೇ ವೈದ್ಯರಿಗೆ ಬೇಕಾದ ಮೊದಲ ಸುಳಿವು. ಹಳೆಯ ಮದುವೆ ಫೋಟೋದಲ್ಲಿ ಕೈ ಕಂಡರೆ ಅದನ್ನೂ ತೋರಿಸಬಹುದು.