ಶೇಕಡಾ ಇಪ್ಪತ್ತೋ, ಮುನ್ನೂರು ರೂಪಾಯಿಯೋ, ಉಚಿತ ಡಬ್ಬಿಯೋ?

ದೀಪಾವಳಿಯ ಹೊತ್ತಿಗೆ ಗುಂಜೋಟಿಯ ಸುತ್ತಿನ ಹೊಲಗಳಲ್ಲಿ ಸೋಯಾಬೀನ್ ರಾಶಿ ಮುಗಿದು, ವರ್ಷದ ಮೊದಲ ಹಣ ರೈತನ ಕೈಸೇರುತ್ತದೆ. ಹಿಂಗಾರಿ ಜೋಳ, ಕಡಲೆಯ ಬಿತ್ತನೆ, ಮಕ್ಕಳ ಎರಡನೆಯ ಸತ್ರದ ಖರ್ಚು, ಹಬ್ಬದ ಬಟ್ಟೆ ಎಲ್ಲವೂ ಆ ಹಣದಲ್ಲಿಯೇ ಆಗಬೇಕು. ಅದೇ ದಿನಗಳಲ್ಲಿ ಉಮರ್ಗಾ, ನಿಲಂಗಾ, ಉದಗೀರದ ಪೇಟೆಗಳಲ್ಲಿ ಫಲಕಗಳು ಏಳುತ್ತವೆ. ಒಂದು ಅಂಗಡಿ ‘20 ಟಕ್ಕೆ ಸೂಟ್’ ಎನ್ನುತ್ತದೆ, ಇನ್ನೊಂದು ‘300 ರೂಪಾಯಿ ಸೂಟ್’ ಎನ್ನುತ್ತದೆ, ಮತ್ತೊಂದು ಖರೀದಿಯ ಮೇಲೆ ಸ್ಟೀಲ್ ಡಬ್ಬಿ ಉಚಿತವೆನ್ನುತ್ತದೆ.

ಗುಂಜೋಟಿಯ ಗೃಹಿಣಿಯೊಬ್ಬರು 1,500 ರೂಪಾಯಿಯ ಸೀರೆ ಕೊಳ್ಳಲು ಹೊರಟಿದ್ದಾರೆಂದು ಭಾವಿಸೋಣ. ಆ ಬೆಲೆಯ ಶೇಕಡಾ 20 ಎಂದರೆ ಸರಿಯಾಗಿ 300 ರೂಪಾಯಿ. ಮೊದಲಿನ ಎರಡು ಅಂಗಡಿಗಳಲ್ಲಿಯೂ ಅವರು ತೆರಬೇಕಾದದ್ದು 1,200 ರೂಪಾಯಿಯೇ. ಆದರೆ ಕಣ್ಣಿಗೆ 20ಕ್ಕಿಂತ 300 ದೊಡ್ಡದಾಗಿ ಕಾಣುತ್ತದೆ. 80 ರೂಪಾಯಿಯ ಊದುಬತ್ತಿಯ ಕಟ್ಟಿನಲ್ಲಿ ಇದು ತಲೆಕೆಳಗಾಗುತ್ತದೆ. ಅಲ್ಲಿ ಶೇಕಡಾ 20 ಎಂದರೆ ಕೇವಲ 16 ರೂಪಾಯಿ. ಆದ್ದರಿಂದ 20 ಎಂಬ ಅಂಕಿಯೇ ಹೆಚ್ಚು ಸೆಳೆಯುತ್ತದೆ. ಬೆಲೆ 100 ಇದ್ದಾಗ ಮಾತ್ರ ಎರಡೂ ಅಂಕಿಗಳು ಒಂದೇ. ಅಮೆರಿಕದ ವಾರ್ಟನ್ ಸಂಸ್ಥೆಯ ಪ್ರಾಧ್ಯಾಪಕ ಜೋನಾ ಬರ್ಗರ್ ಇದನ್ನು 2013ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ‘ನೂರರ ನಿಯಮ’ವೆಂದು ಕರೆದಿದ್ದಾರೆ: ಬೆಲೆ ನೂರಕ್ಕಿಂತ ಕಡಿಮೆಯಿದ್ದರೆ ಶೇಕಡಾವಾರು ಹೇಳಿಕೆ ದೊಡ್ಡದಾಗಿ ಕಾಣುತ್ತದೆ, ನೂರನ್ನು ದಾಟಿದರೆ ನಗದು ಮೊತ್ತ.

ಕಣ್ಣಿನಂತೆ ಮನಸ್ಸಿನ ಅಳತೆಯೂ ಮೋಸಗೊಳಿಸುತ್ತದೆ. 1981ರಲ್ಲಿ ಟ್ವರ್ಸ್ಕಿ ಮತ್ತು ಕಾನಮನ್ ಎಂಬ ವಿದ್ವಾಂಸರು ಜನರಿಗೊಂದು ಪ್ರಶ್ನೆ ಕೇಳಿದರು: 5 ಡಾಲರ್ ಉಳಿಯುವುದಾದರೆ 20 ನಿಮಿಷ ದೂರದ ಅಂಗಡಿಗೆ ಹೋಗುವಿರಾ? ವಸ್ತುವಿನ ಬೆಲೆ 15 ಡಾಲರ್ ಎಂದಾಗ ಶೇಕಡಾ 68 ಜನ ಹೋಗುವೆವೆಂದರು. ಬೆಲೆ 125 ಡಾಲರ್ ಎಂದಾಗ ಶೇಕಡಾ 29 ಜನ ಮಾತ್ರ. ಉಳಿಯುವ ಹಣವೂ ಹೋಗುವ ದಾರಿಯೂ ಬದಲಾಗಿರಲಿಲ್ಲ. ಮನುಷ್ಯ ಉಳಿತಾಯವನ್ನು ಬೆಲೆಯ ಪಕ್ಕದಲ್ಲಿಟ್ಟು ತೂಗುತ್ತಾನೆ, ತನ್ನ ಮನೆಯ ಖರ್ಚಿನ ಪಕ್ಕದಲ್ಲಿಟ್ಟಲ್ಲ. ಬಿತ್ತನೆಯ ಬೀಜ ಕೊಳ್ಳುವಾಗ ಮಾತ್ರ ಆ ಹಣ ಸೀರೆಯಲ್ಲಿ ಉಳಿದದ್ದೋ ಊದುಬತ್ತಿಯಲ್ಲಿ ಉಳಿದದ್ದೋ ಎಂಬುದು ಲೆಕ್ಕಕ್ಕೆ ಬರುವುದಿಲ್ಲ.

ನಗದು ಮೊತ್ತದ ಫಲಕಕ್ಕೆ ಬಹುತೇಕ ಒಂದು ಷರತ್ತು ಅಂಟಿಕೊಂಡಿರುತ್ತದೆ: ‘2,000 ರೂಪಾಯಿ ಖರೀದಿಗೆ 400 ರೂಪಾಯಿ ಸೂಟ್’. ಇದನ್ನು ಶೇಕಡಾ 20 ಎಂದು ತಿಳಿಯುವುದು ಸಹಜ. ಆದರೆ ಬಿಲ್ಲು ಸರಿಯಾಗಿ 2,000 ಇದ್ದಾಗ ಮಾತ್ರ ಅದು ನಿಜ. ಬಿಲ್ಲು 2,900 ಆದರೆ ಅದೇ 400 ಶೇಕಡಾ 14ಕ್ಕೆ ಇಳಿಯುತ್ತದೆ. ಶೇಕಡಾವಾರು ಸೂಟ್ ಬಿಲ್ಲಿನೊಡನೆ ಬೆಳೆಯುತ್ತದೆ. ನಗದು ಸೂಟ್ ಇದ್ದಲ್ಲಿಯೇ ನಿಲ್ಲುತ್ತದೆ.

ಇನ್ನು ಬಿಲ್ಲು 2,000ಕ್ಕೆ ತಲುಪದಿದ್ದರೆ? ಬೇಕಾದ ಬಟ್ಟೆ 1,700 ರೂಪಾಯಿಯದಾಗಿದ್ದು, 300ರ ಟವೆಲ್ಲೊಂದನ್ನು ಸೇರಿಸಿದರೆ ತೆರಬೇಕಾದದ್ದು 1,600. ಟವೆಲ್ಲೂ ಬಂತು, 100 ರೂಪಾಯಿಯೂ ಉಳಿಯಿತು. ಇಲ್ಲಿ ಸೇರಿಸುವುದೇ ಜಾಣತನ. ಆದರೆ ಬೇಕಾದದ್ದು 1,200ರ ಬಟ್ಟೆಯಷ್ಟೇ ಆಗಿದ್ದರೆ, 800ರ ಸಾಮಾನು ಸೇರಿಸಿ 1,600 ತೆರಬೇಕಾಗುತ್ತದೆ. ಆಗ ‘400 ಉಳಿಯಿತು’ ಎಂದು ಮನೆಗೆ ಮರಳುವವರು ನಿಜವಾಗಿ 400 ಹೆಚ್ಚು ವ್ಯಯಿಸಿರುತ್ತಾರೆ. ಈ ಫಲಕದ ಗಡಿ 1,600: ಬೇಕಾದ ಸಾಮಾನಿನ ಬೆಲೆ ಅದಕ್ಕಿಂತ ಹೆಚ್ಚಿದ್ದರೆ ಸೇರಿಸಬಹುದು, ಕಡಿಮೆಯಿದ್ದರೆ ಬೇಡ. ಯಾವ ಫಲಕದಲ್ಲಿಯಾದರೂ ಷರತ್ತಿನ ಮೊತ್ತದಿಂದ ಸೂಟನ್ನು ಕಳೆದರೆ ಆ ಗಡಿ ಸಿಗುತ್ತದೆ. ಶಾಲೆಗೆ ಹೋಗುವ ಮಗು ನಿಂತಲ್ಲಿಯೇ ಮಾಡಬಲ್ಲ ಕಳೆಯುವ ಲೆಕ್ಕವಿದು.

ಮೂರನೆಯ ಫಲಕದ್ದು ಬೇರೆಯೇ ಬಲ. ‘ಉಚಿತ’ವೆಂಬ ಮಾತು ಲೆಕ್ಕವನ್ನೇ ನಿಲ್ಲಿಸಿಬಿಡುತ್ತದೆ. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಉತ್ತಮ ಚಾಕೊಲೇಟನ್ನು 15 ಸೆಂಟಿಗೂ ಸಾಧಾರಣ ಚಾಕೊಲೇಟನ್ನು 1 ಸೆಂಟಿಗೂ ಇಟ್ಟಾಗ, ಕೊಂಡವರಲ್ಲಿ ಶೇಕಡಾ 73 ಜನ ಉತ್ತಮವಾದುದನ್ನೇ ಆರಿಸಿದರು. ಎರಡರ ಬೆಲೆಯನ್ನೂ ಒಂದೊಂದು ಸೆಂಟ್ ಇಳಿಸಿದಾಗ ಒಂದು 14 ಸೆಂಟ್ ಆಯಿತು, ಇನ್ನೊಂದು ಉಚಿತವಾಯಿತು. ಆಗ ಶೇಕಡಾ 69 ಜನ ಉಚಿತವಾದುದರ ಕಡೆಗೆ ಹೊರಳಿದರು. ಬೆಲೆಗಳ ಅಂತರ ಮಾತ್ರ ಮೊದಲಿದ್ದಷ್ಟೇ ಇತ್ತು.

ವ್ಯಾಪಾರಿಗೂ ಉಡುಗೊರೆ ಅನುಕೂಲವೇ. ಸಗಟಿನಲ್ಲಿ ತಂದ ಡಬ್ಬಿಗೆ ಅವನು ಫಲಕದಲ್ಲಿ ಬರೆದಷ್ಟು ಬೆಲೆ ತೆತ್ತಿರುವುದಿಲ್ಲ. ಸೀರೆಯ ಬೆಲೆಚೀಟಿಯೂ ಇಳಿಯದೆ ಉಳಿಯುತ್ತದೆ. ಆದರೆ ಗ್ರಾಹಕನಿಗೆ ಬೇಡದ ಉಡುಗೊರೆ ತಿರುಗುಬಾಣವಾಗುವುದುಂಟು: ಅದರ ಬೆಲೆ ಸಾಮಾನಿನಲ್ಲಿಯೇ ಸೇರಿದೆಯೆಂಬ ಅನುಮಾನ ಹುಟ್ಟುತ್ತದೆ. ಗೃಹಿಣಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಡಬ್ಬಿಯನ್ನು ಹಣ ಕೊಟ್ಟು ಕೊಳ್ಳುವುದಾದರೆ ಎಷ್ಟು ಕೊಡುತ್ತಿದ್ದೆ? ಉತ್ತರ 120 ಎಂದಾದರೆ ಉಡುಗೊರೆಯ ಬೆಲೆ 120. ಅದರ ಮೇಲೆ 300 ಎಂದು ಬರೆದಿದ್ದರೂ ಅಷ್ಟೇ.

ಆ ಅನುಮಾನ ನಿಜವಾಗಿದ್ದರೆ ಅದು ಕೇವಲ ಜಾಣತನದ ಮಾತಲ್ಲ, ಕಾಯ್ದೆಯ ಮಾತು. ಬೆಲೆಯಲ್ಲಿ ಪೂರ್ತಿಯಾಗಿ ಅಥವಾ ಭಾಗಶಃ ಸೇರಿಸಿದ ವಸ್ತುವನ್ನು ಉಚಿತವೆಂದು ತೋರಿಸುವುದನ್ನೂ, ಕೊಡುವ ಉದ್ದೇಶವಿಲ್ಲದೆ ಉಡುಗೊರೆ ಸಾರುವುದನ್ನೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(47)ನೆಯ ಕಲಂ ಅನುಚಿತ ವ್ಯಾಪಾರ ಪದ್ಧತಿಯೆಂದು ಪರಿಗಣಿಸುತ್ತದೆ. ಶೇಕಡಾವಾರು ಸೂಟಿಗೂ ಇಂಥ ನಿರ್ಬಂಧವುಂಟು. ಗರಿಷ್ಠ ಮಾರಾಟ ಬೆಲೆಯಲ್ಲಿ ಎಲ್ಲ ತೆರಿಗೆಗಳೂ ಸೇರಿರುತ್ತವೆ. ಆದ್ದರಿಂದ ‘ನೇರ 40 ಶೇಕಡಾ ಸೂಟ್’ ಎಂದು ಸಾರಿ, ಇಳಿಸಿದ ಬೆಲೆಯ ಮೇಲೆ ಮತ್ತೆ ವ್ಯಾಟ್ ಹಾಕಿದ್ದು ಅನುಚಿತವೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2017ರ ಜನವರಿಯಲ್ಲಿ ತೀರ್ಪಿತ್ತಿತು. 1,000 ರೂಪಾಯಿ ಮುದ್ರಿತ ಬೆಲೆಯ ಅಂಗಿ 40 ಶೇಕಡಾ ಸೂಟಿನಲ್ಲಿ 600ಕ್ಕೆ ಸಿಗಬೇಕು. ಬಿಲ್ಲಿನಲ್ಲಿ ಶೇಕಡಾ 5ರ ತೆರಿಗೆ ಕೂಡಿ 630 ಆಗಿದ್ದರೆ, ದೊರೆತ ಸೂಟ್ 37 ಮಾತ್ರ.

ಆದ್ದರಿಂದ ಫಲಕವನ್ನು ಪೂರ್ತಿಯಾಗಿ ಓದಬೇಕು. ಮರಾಠಿ ಫಲಕದ ಮೂಲೆಯಲ್ಲಿ ಸಣ್ಣ ಅಕ್ಷರದ ‘ಪರ್ಯಂತ’ ಎಂಬ ಮಾತಿದ್ದರೆ ‘50 ಟಕ್ಕೆ’ ಎಂಬುದು ಮೇಲಿನ ಮಿತಿ, ಎಲ್ಲ ಸಾಮಾನಿಗೂ ಸಿಗುವ ಸೂಟಲ್ಲ. ಅಂಗಡಿಯಿಂದ ಬಿಲ್ಲನ್ನು ಕೇಳಿ ಪಡೆಯಬೇಕು. ಉಡುಗೊರೆಯಿದ್ದರೆ ಅದನ್ನೂ ಬಿಲ್ಲಿನಲ್ಲಿ ಬರೆಯಿಸಬೇಕು. ಫಲಕದ ಛಾಯಾಚಿತ್ರವೊಂದು ಮೊಬೈಲಿನಲ್ಲಿದ್ದರೆ ಇನ್ನೂ ಒಳ್ಳೆಯದು. ತಕರಾರನ್ನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ತೆತ್ತ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, ವಕೀಲರಿಲ್ಲದೆಯೂ ವಾದಿಸಬಹುದು.

ಅಂಗಡಿಯ ಹೊಸ್ತಿಲು ದಾಟುವ ಮೊದಲು ಮನೆಯಲ್ಲಿಯೇ ಒಂದು ಚೀಟಿಯಲ್ಲಿ ಬೇಕಾದ ಸಾಮಾನಿನ ಹೆಸರು ಬರೆದುಕೊಳ್ಳುವುದು ಲೇಸು. ಮೂರೂ ಅಂಗಡಿಗಳಲ್ಲಿ ಆ ಚೀಟಿಯ ಸಾಮಾನಿಗೆ ಕೈಯಿಂದ ಹೋಗುವ ಹಣವೆಷ್ಟೆಂದು ಪಕ್ಕದಲ್ಲಿ ಗುರುತಿಸಿದರೆ, ಮೂರು ಬಗೆಯ ಮಾತುಗಳೂ ಒಂದೇ ಬಗೆಯ ಅಂಕಿಗಳಾಗುತ್ತವೆ. ಅವುಗಳಲ್ಲಿ ಚಿಕ್ಕದು ಯಾವುದೆಂದು ಚೀಟಿಯೇ ಹೇಳುತ್ತದೆ.