ಐದಕ್ಕೇಕೆ ಆ ಪಟ್ಟಿಯಲ್ಲಿ ಜಾಗವಿಲ್ಲ?

2x³ − 3x² − 11x + 6 = 0.

ಇಂಥ ಸಮೀಕರಣ ಬಿಡಿಸುವುದಕ್ಕೆ ಗಣಿತದ ತರಗತಿಯಲ್ಲಿ ಒಂದು ಉಪಾಯ ಹೇಳಿಕೊಡುತ್ತಾರೆ. ಕೊನೆಯ ಸಂಖ್ಯೆ 6ರ ಅಪವರ್ತನಗಳನ್ನು ಬರೆದುಕೊಳ್ಳಿ: 1, 2, 3, 6. ಮೊದಲ ಸಹಗುಣಕ 2ರ ಅಪವರ್ತನಗಳು 1 ಮತ್ತು 2. ಅವು ಮೇಲೆ, ಇವು ಕೆಳಗೆ ಬರುವಂತೆ ಭಿನ್ನರಾಶಿ ಮಾಡಿದರೆ 1, 2, 3, 6, 1/2, 3/2 ಸಿಗುತ್ತವೆ. ಪ್ರತಿಯೊಂದಕ್ಕೂ ಧನ, ಋಣ ಎರಡು ಚಿಹ್ನೆ ಹಾಕಿದರೆ ಒಟ್ಟು 12. ಸಮೀಕರಣಕ್ಕೆ ಭಾಗಲಬ್ಧ ಮೂಲವೇನಾದರೂ ಇದ್ದರೆ, ಅಂದರೆ ಪೂರ್ಣಾಂಕವೋ ಭಿನ್ನರಾಶಿಯೋ ಆದ ಉತ್ತರ ಇದ್ದರೆ, ಅದು ಈ 12ರೊಳಗೇ ಇರಬೇಕು.

ಒಂದೊಂದಾಗಿ ಹಾಕಿ ನೋಡೋಣ. x = 3 ಆದಾಗ 54 − 27 − 33 + 6, ಸರಿಯಾಗಿ ಸೊನ್ನೆ. −2 ಹಾಕಿದರೂ ಸೊನ್ನೆ, 1/2 ಹಾಕಿದರೂ ಸೊನ್ನೆ. ಘನ ಸಮೀಕರಣಕ್ಕೆ ಮೂರಕ್ಕಿಂತ ಹೆಚ್ಚು ಮೂಲಗಳಿರುವುದಿಲ್ಲ, ಹಾಗಾಗಿ ಕೆಲಸ ಮುಗಿಯಿತು.

ಉತ್ತರವೇನೋ ಬಂತು. ಆದರೆ ಪ್ರಪಂಚದಲ್ಲಿ ಲೆಕ್ಕವಿಲ್ಲದಷ್ಟು ಭಿನ್ನರಾಶಿಗಳಿವೆ. 5 ಆಗಲಿ, 7/4 ಆಗಲಿ ಮೂಲವಾಗಲಾರವು ಎಂದು ಹಾಕಿ ನೋಡದೆಯೇ ಹೇಳುವ ಧೈರ್ಯ ನಮಗೆ ಬಂದದ್ದು ಎಲ್ಲಿಂದ? ಉಪಾಯವನ್ನು ಬಾಯಿಪಾಠ ಮಾಡಿದವರು ಬಹಳ ಮಂದಿ. ಈ ಪ್ರಶ್ನೆ ಕೇಳಿಕೊಂಡವರು ಕಡಿಮೆ. ಉತ್ತರ ನಾಲ್ಕೇ ಸಾಲಿನದು, ಅದನ್ನು ತಿಳಿಯದೆ ಬಿಡುವುದು ನಷ್ಟ.

ಮೂಲ p/q ಎಂದಿರಲಿ. ಇದನ್ನು ಸಂಕ್ಷಿಪ್ತ ರೂಪಕ್ಕೆ ತಂದಾಗಿದೆ, ಅಂದರೆ pಗೂ qಗೂ 1 ಬಿಟ್ಟರೆ ಬೇರೆ ಸಾಮಾನ್ಯ ಅಪವರ್ತನವಿಲ್ಲ. ಈ ಮಾತು ನೆನಪಿರಲಿ, ಸಾಧನೆ ನಿಂತಿರುವುದೇ ಇದರ ಮೇಲೆ. x ಇದ್ದಲ್ಲಿ p/q ಹಾಕಿ, ಛೇದಗಳು ಹೋಗುವಂತೆ ಎಲ್ಲವನ್ನೂ q³ರಿಂದ ಗುಣಿಸಿದರೆ:

2p³ − 3p²q − 11pq² + 6q³ = 0

ಮೊದಲ ಮೂರು ಪದಗಳಲ್ಲೂ p ಇದೆ. ಕೊನೆಯದನ್ನು ಆಚೆಗೆ ಕಳಿಸಿ:

p(2p² − 3pq − 11q²) = −6q³

ಸಹಗುಣಕಗಳು ಪೂರ್ಣಾಂಕಗಳಾದ್ದರಿಂದ ಆವರಣದೊಳಗಿರುವುದೂ ಪೂರ್ಣಾಂಕವೇ. ಆದ್ದರಿಂದ 6q³ ಎಂಬುದು pಯಿಂದ ನಿಶ್ಶೇಷವಾಗಿ ಭಾಗವಾಗಬೇಕು. p = 5 ಎಂದುಕೊಳ್ಳಿ. ಆಗ 6q³ರಲ್ಲಿ ಎಲ್ಲೋ ಒಂದು ಕಡೆ 5 ಇರಲೇಬೇಕು. q³ರಲ್ಲಿ ಇರಲಾರದು, qನಲ್ಲಿ 5 ಇದ್ದಿದ್ದರೆ ಮೊದಲೇ ಹೊಡೆದುಹಾಕಿರುತ್ತಿದ್ದೆವು. 6ರಲ್ಲೂ 5 ಇಲ್ಲ. ಹಾಗಾಗಿ ಮೇಲೆ 5 ಇರುವ ಯಾವ ಭಿನ್ನರಾಶಿಗೂ, ಕೆಳಗೆ ಏನೇ ಇರಲಿ, ಇಲ್ಲಿ ಜಾಗವಿಲ್ಲ. p ಯಾವುದೇ ಇರಲಿ ಇದೇ ಮಾತು: ಅದರ ಅವಿಭಾಜ್ಯ ಅಪವರ್ತನಗಳಿಗೆ q ಏನೂ ಒದಗಿಸುವುದಿಲ್ಲ, ಪೂರ್ತಿ 6ರಿಂದಲೇ ಬರಬೇಕು. ಎಂದರೆ p ಎಂಬುದು 6ರ ಅಪವರ್ತನ.

qಗೂ ಹೀಗೆಯೇ. ಈ ಸಲ 2p³ ಒಂದನ್ನೇ ಬೇರೆ ಮಾಡಿದರೆ ಉಳಿದ ಮೂರರಲ್ಲೂ q ಇರುತ್ತದೆ. ಹಾಗಾಗಿ q ಎಂಬುದು 2p³ವನ್ನು ಭಾಗಿಸುತ್ತದೆ, pಯೊಂದಿಗೆ ಅದಕ್ಕೆ ಸಂಬಂಧವಿಲ್ಲ, ಆದ್ದರಿಂದ 2ನ್ನೇ ಭಾಗಿಸಬೇಕು. 2, 6ರ ಬದಲು ಬೇರೆ ಪೂರ್ಣಾಂಕಗಳಿದ್ದರೂ, ಘಾತ ಮೂರರ ಬದಲು ಹತ್ತಾದರೂ ಸಾಧನೆ ಬದಲಾಗುವುದಿಲ್ಲ. ಕೊನೆಯ ಸಂಖ್ಯೆ ಸೊನ್ನೆಯಾಗಿರಬಾರದು, ಅಷ್ಟೆ. ಸೊನ್ನೆಯಾದರೆ x ಒಂದನ್ನು ಹೊರಗೆ ತೆಗೆದು ಮುಂದುವರಿಯಬೇಕು.

ಎಡವುವುದು ಪೂರ್ಣಾಂಕದ ನಿಯಮ ಮರೆತಾಗ. x² − (5/2)x + 1 = 0 ನೋಡಿ. ಮೊದಲೂ 1, ಕೊನೆಯೂ 1, ಹಾಗಾಗಿ ಪಟ್ಟಿಯಲ್ಲಿ 1 ಮತ್ತು −1 ಮಾತ್ರ ಎಂದು ಹೊರಟರೆ ಎರಡೂ ಹೊಂದುವುದಿಲ್ಲ. ಆದರೆ 2 ಮತ್ತು 1/2 ಇದರ ಮೂಲಗಳು. ನಡುವೆ ಕೂತ 5/2 ಪೂರ್ಣಾಂಕವಲ್ಲ, ಆವರಣದೊಳಗಿರುವುದು ಪೂರ್ಣಾಂಕ ಎಂಬ ಹೆಜ್ಜೆಯೇ ಅಲ್ಲಿ ಮುರಿಯಿತು. ಮೊದಲು ಎಲ್ಲವನ್ನೂ 2ರಿಂದ ಗುಣಿಸಿ 2x² − 5x + 2 = 0 ಮಾಡಿಕೊಂಡರೆ ಪಟ್ಟಿ ಸರಿಯಾಗಿ ಬರುತ್ತದೆ.

ಪಟ್ಟಿಯಲ್ಲಿರುವುದೆಲ್ಲ ಮೂಲವಲ್ಲ ಎಂಬುದೂ ತಿಳಿದಿರಬೇಕು. ನಮ್ಮ 12ರಲ್ಲಿ ಒಂಬತ್ತು ಸೋತವು. ಎಲ್ಲವೂ ಸೋಲುವುದೂ ಉಂಟು, ನನಗೆ ಈ ಪ್ರಮೇಯ ಹೆಚ್ಚು ಇಷ್ಟವಾಗುವುದು ಅಲ್ಲಿಯೇ. x² − 2 = 0ಕ್ಕೆ ಪಟ್ಟಿ ±1, ±2. ನಾಲ್ಕೂ ಹೊಂದುವುದಿಲ್ಲ, √2 ಅಭಾಗಲಬ್ಧ ಎಂದು ಅಷ್ಟರಲ್ಲೇ ಸಾಬೀತಾಯಿತು.

ಇನ್ನೊಂದು ಉದಾಹರಣೆ x³ − 3x − 1 = 0. ಪಟ್ಟಿಯಲ್ಲಿ ಇರುವುದು 1 ಮತ್ತು −1. ಮೊದಲನೆಯದಕ್ಕೆ −3 ಬರುತ್ತದೆ, ಎರಡನೆಯದಕ್ಕೆ 1. ಭಾಗಲಬ್ಧ ಮೂಲವಿಲ್ಲ, ಆದ್ದರಿಂದ ಈ ಘನ ಬಹುಪದೋಕ್ತಿಯನ್ನು ಭಾಗಲಬ್ಧ ಸಹಗುಣಕಗಳ ಚಿಕ್ಕ ತುಂಡುಗಳಾಗಿ ಒಡೆಯಲೂ ಆಗದು. ಇದರ ಒಂದು ಮೂಲ 20 ಡಿಗ್ರಿ ಕೋನದ ಕೊಸೈನ್‌ನ ಎರಡರಷ್ಟು. ಕೈವಾರ ಮತ್ತು ಗುರುತಿಲ್ಲದ ಪಟ್ಟಿ ಮಾತ್ರ ಬಳಸಿ 60 ಡಿಗ್ರಿ ಕೋನವನ್ನು ಮೂರು ಸಮಭಾಗ ಮಾಡಲು ಸಾಧ್ಯವಿಲ್ಲ ಎಂದು 1837ರಲ್ಲಿ ಫ್ರಾನ್ಸಿನ ಪಿಯರ್ ವಾಂಟ್ಸೆಲ್ ಸಾಧಿಸಿ ತೋರಿಸಿದರು. ಇಂದು ಪಠ್ಯಪುಸ್ತಕಗಳಲ್ಲಿ ಆ ಸಾಧನೆ ಓದುವಾಗ 1 ಮತ್ತು −1 ಎಂಬ ಈ ಎರಡು ಸಂಖ್ಯೆಗಳನ್ನು ಹಾಕಿ ನೋಡುವ ಸಾಲು ಸಿಗುತ್ತದೆ.