ಚೌಕಳಿ ಕಂಡರೆ ಹಿನ್ನೆಲೆ ಹೋಯಿತೇ?

ಬಿಳಿ ಗೋಡೆಯ ಮುಂದೆ ತೂಗುಬಿಟ್ಟ ಹಿತ್ತಾಳೆ ದೀಪದ ಫೋಟೊ ಇದೆ ಎಂದುಕೊಳ್ಳಿ. ಅದರಿಂದ ಗೋಡೆಯನ್ನು ತೆಗೆದುಹಾಕಿ, ದೀಪವನ್ನು ಮಾತ್ರ ಗೃಹಪ್ರವೇಶದ ಆಮಂತ್ರಣ ಪತ್ರಿಕೆಯ ಕಡುಗೆಂಪು ಬಣ್ಣದ ಮೇಲೆ ಕೂರಿಸಬೇಕು. ಕಂಪ್ಯೂಟರಿನಲ್ಲಿ ಗೋಡೆಯನ್ನು ಅಳಿಸುತ್ತೀರಿ. ಅಳಿಸಿದಲ್ಲೆಲ್ಲ ಬೂದು-ಬಿಳಿ ಚೌಕಳಿ ಮೂಡುತ್ತದೆ. ಕೆಲಸ ಮುಗಿಯಿತೆಂದು ಫೈಲನ್ನು ಪ್ರೆಸ್ಸಿಗೆ ಕಳಿಸುತ್ತೀರಿ. ಅಚ್ಚಾಗಿ ಬಂದ ಪತ್ರಿಕೆಯಲ್ಲಿ ದೀಪದ ಸುತ್ತ ತೆಳ್ಳನೆಯ ಬಿಳಿ ಮಬ್ಬು, ಸರಪಳಿಯ ಕೊಂಡಿಗಳ ನಡುವೆ ಅಲ್ಲಲ್ಲಿ ಗೋಡೆಯ ಚೂರು! ಪರದೆಯ ಮೇಲೆ ಇವು ಯಾಕೆ ಕಾಣಲಿಲ್ಲ ಎಂದರೆ, ಕಾಣದಂತೆ ಮರೆಮಾಡಿದ್ದು ಆ ಚೌಕಳಿಯೇ.

ಚೌಕಳಿ ನಿಮ್ಮ ಚಿತ್ರದ ಭಾಗವಲ್ಲ. ‘ಇಲ್ಲಿ ಏನೂ ಇಲ್ಲ’ ಎಂಬುದನ್ನು ಪರದೆಯ ಮೇಲೆ ಹೇಗಾದರೂ ತೋರಿಸಬೇಕಲ್ಲ, ಅದಕ್ಕಾಗಿ ತಂತ್ರಾಂಶವು ಚಿತ್ರದ ಹಿಂದೆ ಹಾಸುವ ನೆಲಹಾಸು ಅದು. ಫೈಲಿನಲ್ಲಿ ಅದು ಸೇರಿರುವುದಿಲ್ಲ, ಅಚ್ಚಾಗುವುದೂ ಇಲ್ಲ. ಬೇಡವೆಂದರೆ ಬದಲಿಸಲೂಬಹುದು. ಉಚಿತವಾಗಿ ಸಿಗುವ ಜಿಂಪ್ ತಂತ್ರಾಂಶದಲ್ಲಿ Edit > Preferences > Display ಒಳಗೆ ಹೋದರೆ ತಿಳಿ ಚೌಕಳಿ, ನಡುಬಣ್ಣದ ಚೌಕಳಿ, ಕಡು ಚೌಕಳಿ, ಬರೀ ಬಿಳಿ, ಬರೀ ಕಪ್ಪು ಎಂದೆಲ್ಲ ಆಯ್ಕೆಗಳಿವೆ. ಫೋಟೊಶಾಪ್‌ನಲ್ಲಿ ಇದೇ ಸೌಲಭ್ಯ Transparency & Gamut ಎಂಬ ಪುಟದಲ್ಲಿದೆ.

ಅಂತರಜಾಲದಲ್ಲಿ ‘ಹಿನ್ನೆಲೆ ಇಲ್ಲದ ಚಿತ್ರ’ ಎಂದು ಸಿಗುವ ಎಷ್ಟೋ ಫೈಲುಗಳಲ್ಲಿ ಚೌಕಳಿಯೇ ಚಿತ್ರದ ಭಾಗವಾಗಿರುತ್ತದೆ. ಅವು ನಿಜವಾದ ಚೌಕಗಳ ಚಿತ್ರಗಳು, ಪಾರದರ್ಶಕ ಅಲ್ಲವೇ ಅಲ್ಲ. ಇದನ್ನು ಪತ್ತೆಹಚ್ಚುವುದು ಸುಲಭ. ಜಿಂಪ್‌ನಲ್ಲಿ ತೆರೆದು ಚಿತ್ರವನ್ನು ಹಿಗ್ಗಿಸಿ ನೋಡಿ. ತಂತ್ರಾಂಶ ಹಾಸಿದ ಚೌಕಳಿಯಾದರೆ ಚಿತ್ರ ಎಷ್ಟೇ ದೊಡ್ಡದಾದರೂ ಚೌಕಗಳು ಅಷ್ಟೇ ಇರುತ್ತವೆ. ಚಿತ್ರದ ಜೊತೆ ಚೌಕಗಳೂ ದೊಡ್ಡದಾಗುತ್ತ ಹೋದರೆ ಅದು ನಕಲಿ.

ಇನ್ನು ದೀಪಕ್ಕೆ ಬರೋಣ. ಚಿತ್ರದ ಪ್ರತಿ ಪಿಕ್ಸೆಲ್‌ಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕಿಗಳಿರುತ್ತವೆ. ಪಾರದರ್ಶಕತೆ ಇರುವ ಚಿತ್ರದಲ್ಲಿ ನಾಲ್ಕನೆಯದೊಂದು ಸೇರುತ್ತದೆ, ಅದೇ ಆಲ್ಫಾ. 1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಆಲ್ವಿ ರೇ ಸ್ಮಿತ್ ಮತ್ತು ಎಡ್ ಕ್ಯಾಟ್ಮಲ್ ರೂಪಿಸಿದ್ದು ಇದು. ಸಾಮಾನ್ಯ ಫೈಲುಗಳಲ್ಲಿ ಆಲ್ಫಾ 0ಯಿಂದ 255ರವರೆಗೆ ಇರುತ್ತದೆ. 0 ಎಂದರೆ ಪೂರ್ತಿ ಪಾರದರ್ಶಕ, 255 ಎಂದರೆ ಪೂರ್ತಿ ಗಟ್ಟಿ. ತೊಂದರೆ ಕೊಡುವುದು ಇವೆರಡರ ನಡುವಿನ ಅಂಕಿಗಳು. ರಬ್ಬರನ್ನು ಮೆತ್ತಗಿನ ಅಂಚಿನಲ್ಲಿ ಆಡಿಸಿದಾಗ, ಬಣ್ಣ ನೋಡಿ ಆಯ್ಕೆ ಮಾಡುವ ಸಾಧನದಲ್ಲಿ ಗೋಡೆಯ ನೆರಳಿರುವ ಭಾಗ ಅರ್ಧಂಬರ್ಧ ಸಿಕ್ಕಿದಾಗ, ಗೋಡೆ ಪೂರ್ತಿ ಹೋಗದೆ ಆಲ್ಫಾ 25ರಷ್ಟು, ಅಂದರೆ ಸುಮಾರು ಶೇ 10ರಷ್ಟು ಉಳಿದುಬಿಡುತ್ತದೆ.

ಹೀಗೆ ಉಳಿದ ಬಿಳಿ ಗೋಡೆ ಚೌಕಳಿಯ ಮೇಲೆ ಹೇಗೆ ಕಾಣುತ್ತದೆಂದು ಲೆಕ್ಕ ಹಾಕಿ ನೋಡಿ. ತಿಳಿ ಚೌಕಳಿಯಲ್ಲಿ ಒಂದು ಚೌಕ ಬಿಳಿ, 255. ಇನ್ನೊಂದು ತಿಳಿಬೂದು, 204. ಬಿಳಿಯ ಮೇಲೆ ಶೇ 10 ಬಿಳಿ ಬಿದ್ದರೆ ಅದು 255 ಆಗಿಯೇ ಇರುತ್ತದೆ. ಬೂದಿನ ಮೇಲೆ ಬಿದ್ದರೆ 204 ಇದ್ದದ್ದು 209 ಆಗುತ್ತದೆ. ಐದು ಅಂಕಿಗಳ ಈ ವ್ಯತ್ಯಾಸವನ್ನು ಯಾವ ಕಣ್ಣೂ ಸುಲಭದಲ್ಲಿ ಹಿಡಿಯಲಾರದು. ಅದೇ ಗೋಡೆಯ ಅಂಶ ಪತ್ರಿಕೆಯ ಕಡುಗೆಂಪಿನ ಮೇಲೆ ಬಿದ್ದಾಗ, ಅಲ್ಲಿ 16ರಷ್ಟಿದ್ದ ಹಸಿರಿನ ಅಂಕಿ ಸುಮಾರು 40ಕ್ಕೆ ಏರುತ್ತದೆ, ಕೆಂಪು-ನೀಲಿಗಳೂ ಏರುತ್ತವೆ. ಕಣ್ಣಿಗೆ ಹೊಡೆಯುವ ಮಬ್ಬು ಅದು.

ಆದ್ದರಿಂದ ಮೊದಲ ಪರೀಕ್ಷೆ ತೀರ ಸರಳ: ಚೌಕಳಿಯನ್ನು ನಂಬದೆ, ಅದರ ಜಾಗದಲ್ಲಿ ಗಾಢ ಬಣ್ಣವೊಂದನ್ನು ಹಾಸಿ. ಜಿಂಪ್‌ನಲ್ಲಿ Layer > New Layer ಕೊಟ್ಟು ಹೊಸ ಲೇಯರ್ ಮಾಡಿ, ದೀಪದ ಲೇಯರ್‌ನ ಕೆಳಗೆ ಎಳೆದಿಟ್ಟು, ಮೊದಲು ಕಪ್ಪು ತುಂಬಿ. ಬಿಳಿ ಗೋಡೆಯ ಉಳಿಕೆಗಳೆಲ್ಲ ಮಬ್ಬು ಮೋಡದಂತೆ ಎದ್ದು ಬರುತ್ತವೆ. ಆಮೇಲೆ ಕಪ್ಪನ್ನು ತೆಗೆದು ಹಿತ್ತಾಳೆಯಲ್ಲಿ ಎಲ್ಲೂ ಇಲ್ಲದ ಬಣ್ಣ ತುಂಬಿ, ಅಚ್ಚ ಹಸಿರು ಆಗಬಹುದು. ಇದು ಇನ್ನೊಂದು ತಪ್ಪನ್ನು ತೋರಿಸುತ್ತದೆ. ಹಿತ್ತಾಳೆಯ ಹೊಳಪು ಬಿಳಿಗೆ ಹತ್ತಿರ ಇರುವುದರಿಂದ, ಗೋಡೆಯನ್ನು ಬಣ್ಣ ನೋಡಿ ಆಯ್ದಾಗ ಹೊಳಪಿನ ಚುಕ್ಕೆಗಳೂ ಅದರೊಂದಿಗೆ ಅಳಿಸಿಹೋಗಿರುತ್ತವೆ. ದೀಪದ ಹೊಟ್ಟೆಯಲ್ಲಿ ಹಸಿರು ಇಣುಕಿದರೆ ಅಲ್ಲಿ ತೂತು ಬಿದ್ದಿದೆ ಎಂದೇ ಅರ್ಥ. ಹಿನ್ನೆಲೆ ಉಳಿದಿದೆಯೇ ಎಂದು ಹುಡುಕುವವರು ವಸ್ತು ಉಳಿದಿದೆಯೇ ಎಂದು ನೋಡುವುದನ್ನು ಮರೆಯುತ್ತಾರೆ.

ಈ ಹಂತದಲ್ಲೇ ಸರಪಳಿಯನ್ನೂ ನೋಡಿಬಿಡಿ. ಹೊರಗಿನ ಗೋಡೆಯನ್ನು ಒಂದೇ ಏಟಿಗೆ ಆಯ್ದು ಅಳಿಸಿದಾಗ, ಕೊಂಡಿಗಳ ಒಳಗೆ ಸಿಕ್ಕಿಕೊಂಡ ಗೋಡೆ ಹೊರಗಿನದಕ್ಕೆ ತಾಗಿರುವುದಿಲ್ಲವಾದ್ದರಿಂದ ಆಯ್ಕೆಗೆ ಬರುವುದೇ ಇಲ್ಲ. ಒಂದೊಂದು ಕೊಂಡಿಯೊಳಕ್ಕೂ ಹೋಗಿ ಕ್ಲಿಕ್ ಮಾಡಬೇಕು. ಬೇಸರದ ಕೆಲಸವೇ ಸರಿ. ಬಳೆ, ಕನ್ನಡಕ, ಮಡಚಿದ ತೋಳಿನ ಸಂದಿಗಳಲ್ಲೂ ಇದೇ ಕಥೆ.

ಬಣ್ಣದ ಲೇಯರ್ ಬಹುಪಾಲು ದೋಷಗಳನ್ನು ಹೊರಹಾಕುತ್ತದೆ. ಆದರೂ ಆಲ್ಫಾ 2, 3ರಷ್ಟು ಮಾತ್ರ ಉಳಿದ ಚುಕ್ಕೆಗಳು ಕಪ್ಪಿನ ಮೇಲೂ ತಪ್ಪಿಸಿಕೊಳ್ಳುತ್ತವೆ. ಅಷ್ಟು ತೆಳುವಾದದ್ದು ಇದ್ದರೇನಂತೆ ಎನ್ನಬಹುದು. ಪ್ರೆಸ್ಸಿನವರು ದೀಪಕ್ಕೆ ಅಂಚುಗೆರೆ ಕೊಟ್ಟಾಗ, ಅಥವಾ ದೀಪವನ್ನು ಪುಟದ ನಡುವಿಗೆ ತರಲು ಹೊರಟಾಗ ಅವು ಕಾಟ ಕೊಡುತ್ತವೆ. ದೂರದ ಮೂಲೆಯಲ್ಲಿರುವ ಒಂದೇ ಒಂದು ಚುಕ್ಕೆಯನ್ನೂ ತಂತ್ರಾಂಶ ಚಿತ್ರದ ಭಾಗವೆಂದೇ ಎಣಿಸುತ್ತದೆ. ಆಗ ದೀಪ ಪುಟದ ಒಂದು ಬದಿಗೆ ವಾಲಿಕೊಂಡು ಕೂರುತ್ತದೆ, ಕಾರಣ ಮಾತ್ರ ಯಾರಿಗೂ ಹೊಳೆಯುವುದಿಲ್ಲ.

ಇಂಥವನ್ನು ಹಿಡಿಯಲು ಜಿಂಪ್‌ನಲ್ಲಿ ಒಂದು ಒಳ್ಳೆಯ ಉಪಾಯವಿದೆ. ದೀಪದ ಲೇಯರ್‌ನ ನಕಲು ಮಾಡಿಕೊಳ್ಳಿ, ಮೂಲವನ್ನು ಮುಟ್ಟಬೇಡಿ. ಅದನ್ನು ಸದ್ಯಕ್ಕೆ ಮರೆಮಾಡಿ. ನಕಲಿನ ಮೇಲೆ Layer > Transparency > Threshold Alpha ತೆರೆದು ಅಂಕಿಯನ್ನು 0.003ಕ್ಕೆ ಇಳಿಸಿ. 255ರಲ್ಲಿ 1 ಎಂದರೆ ಸುಮಾರು 0.0039, ನೀವು ಕೊಟ್ಟದ್ದು ಅದಕ್ಕಿಂತ ಕಡಿಮೆ. ಹಾಗಾಗಿ ಎಳ್ಳಷ್ಟು ಉಳಿದ ಪಿಕ್ಸೆಲ್ ಕೂಡ ಒಮ್ಮೆಗೇ ಪೂರ್ತಿ ಗಟ್ಟಿಯಾಗಿ, ಕೆಳಗಿನ ಕಪ್ಪು ಲೇಯರ್‌ನ ಮೇಲೆ ಬಿಳಿ ಚುಕ್ಕೆಯಾಗಿ ಎದ್ದು ನಿಲ್ಲುತ್ತದೆ. ರಬ್ಬರ್ ಆಡಿಸಿದ ಜಾಡು, ಮರೆತ ಮೂಲೆ, ಎಲ್ಲವೂ ನಕ್ಷೆಯಂತೆ ಕಾಣುತ್ತವೆ. ಎಲ್ಲೆಲ್ಲಿ ಎಂದು ನೋಡಿಕೊಂಡು, ನಕಲನ್ನು ಅಳಿಸಿಹಾಕಿ, ಮೂಲ ಲೇಯರ್‌ನಲ್ಲಿ ಆ ಜಾಗಗಳನ್ನು ಗಟ್ಟಿ ಅಂಚಿನ ರಬ್ಬರಿನಿಂದ ಒರೆಸಿ. ಕೆಲವರು ಇದೇ ಕೆಲಸಕ್ಕೆ Alpha to Selection ಬಳಸಿ, ಸುತ್ತ ಓಡುವ ಚುಕ್ಕೆಗೆರೆಯನ್ನು ನೋಡಿ ಸಮಾಧಾನಪಡುತ್ತಾರೆ. ಆ ಗೆರೆ ಅರ್ಧಕ್ಕಿಂತ ಹೆಚ್ಚು ಆಯ್ಕೆಯಾದ ಭಾಗವನ್ನು ಮಾತ್ರ ಸುತ್ತುತ್ತದೆ. ಶೇ 10ರ ಗೋಡೆ ಅದರ ಲೆಕ್ಕಕ್ಕೇ ಬರುವುದಿಲ್ಲ.

ಒರೆಸಿದ್ದು ಸಾಕಾಯಿತೇ ಎಂದು ತಿಳಿಯಲು ಜಿಂಪ್ 2.10ರಲ್ಲಿ Layer > Crop to Content ಒತ್ತಿ ನೋಡಿ. ಲೇಯರ್‌ನ ಚೌಕಟ್ಟು ಉಳಿದ ಪಿಕ್ಸೆಲ್‌ಗಳಿಗೆ ಅಂಟುವಂತೆ ಕುಗ್ಗುತ್ತದೆ. ದೀಪ 900 ಪಿಕ್ಸೆಲ್ ಅಗಲವಿದ್ದು, ಕುಗ್ಗಿದ ಚೌಕಟ್ಟು 1840 ಅಗಲ ಇದ್ದರೆ, ಚೌಕಟ್ಟು ಯಾವ ಬದಿಗೆ ಚಾಚಿದೆಯೋ ಆ ಅಂಚಿನಲ್ಲಿ ಏನೋ ಉಳಿದಿದೆ. ಫೋಟೊಶಾಪ್ ಬಳಸುವವರಿಗೆ Image > Trim ಒಳಗಿನ Transparent Pixels ಇದೇ ಉತ್ತರ ಕೊಡುತ್ತದೆ. ಸರಪಳಿಯ ಒಳಗಿನ ಉಳಿಕೆಯನ್ನು ಮಾತ್ರ ಈ ಪರೀಕ್ಷೆ ಹಿಡಿಯುವುದಿಲ್ಲ, ಅದು ದೀಪದ ಅಳತೆಯೊಳಗೇ ಅಡಗಿರುತ್ತದೆ.

ಹಾಗೆಂದು ನಡುವಿನ ಆಲ್ಫಾ ಎಲ್ಲವೂ ದೋಷವಲ್ಲ. ದೀಪದ ಹೊರ ಅಂಚಿನಲ್ಲಿ ಒಂದೆರಡು ಪಿಕ್ಸೆಲ್ ಅರೆಪಾರದರ್ಶಕ ಇರಲೇಬೇಕು, ಇಲ್ಲದಿದ್ದರೆ ಅಂಚು ಗರಗಸದ ಹಲ್ಲಿನಂತಾಗುತ್ತದೆ. ತೊಂದರೆ ಏನೆಂದರೆ, ಅಂಚಿನ ಆ ಪಿಕ್ಸೆಲ್‌ಗಳ ಬಣ್ಣದಲ್ಲಿ ಹಿತ್ತಾಳೆಯೂ ಗೋಡೆಯೂ ಬೆರೆತಿರುತ್ತವೆ. ಆಲ್ಫಾ ಸರಿಯಾಗಿದ್ದರೂ ಬಣ್ಣದಲ್ಲಿ ಗೋಡೆ ಉಳಿದಿದೆ. Threshold Alpha ಇದನ್ನು ಬೇರ್ಪಡಿಸಿ ತೋರಿಸಲಾರದು, ಕಪ್ಪು ಲೇಯರ್ ಮಾತ್ರ ಬಿಳಿ ಎಳೆಯಾಗಿ ತೋರಿಸುತ್ತದೆ. ಆ ಎಳೆ ಕಂಡರೆ Alpha to Selection ಕೊಟ್ಟು, Select > Shrink ಮೂಲಕ 1 ಪಿಕ್ಸೆಲ್ ಒಳಕ್ಕೆ ಎಳೆದು, Select > Invert ಮಾಡಿ Delete ಒತ್ತಿ. ದೀಪದ ಹೊಟ್ಟೆಗೆ ಇದು ಚೆನ್ನಾಗಿ ಒಪ್ಪುತ್ತದೆ. ಮೂರೇ ಪಿಕ್ಸೆಲ್ ದಪ್ಪದ ಸರಪಳಿಗೆ ಮಾಡಿದರೆ ಎರಡೂ ಬದಿಯಿಂದ ಒಂದೊಂದು ಹೋಗಿ ನೂಲಿನಂತಾಗುತ್ತದೆ, ಆದ್ದರಿಂದ ಸರಪಳಿಯನ್ನು ಆಯ್ಕೆಯಿಂದ ಹೊರಗಿಟ್ಟು ಕೈಯಿಂದಲೇ ತಿದ್ದುವುದು ವಾಸಿ.

ಫೈಲನ್ನು ಹೊರತರುವಾಗಲೂ ಹಿನ್ನೆಲೆ ಮರಳಿ ಬರಬಹುದು. ಜೆಪೆಗ್ ಫೈಲಿಗೆ ಆಲ್ಫಾ ಎಂಬುದೇ ಇಲ್ಲ. ಅದರಲ್ಲಿ ಉಳಿಸಿದರೆ ಪಾರದರ್ಶಕ ಜಾಗಕ್ಕೆ ಯಾವುದಾದರೂ ಬಣ್ಣ ತುಂಬಿಕೊಳ್ಳುತ್ತದೆ. ಜೆಪೆಗ್ ಫೋಟೊವನ್ನು ತೆರೆದು ಅಳಿಸಿದಾಗ ಚೌಕಳಿಯ ಬದಲು ಬಿಳಿ ಬರುವುದೂ ಇದೇ ಕಾರಣಕ್ಕೆ, ಮೊದಲು Layer > Transparency > Add Alpha Channel ಕೊಟ್ಟುಕೊಳ್ಳಬೇಕು. ಕೊನೆಗೆ File > Export As ಮೂಲಕ ಪಿಎನ್‌ಜಿಯಾಗಿ ಉಳಿಸಿ. ಅದಕ್ಕೆ ಮುಂಚೆ ಪರೀಕ್ಷೆಗೆಂದು ಹಾಕಿದ ಕಪ್ಪು, ಹಸಿರು ಲೇಯರ್‌ಗಳನ್ನು ತೆಗೆದಿರಬೇಕು. ಉಳಿಸಿದ ಪಿಎನ್‌ಜಿಯನ್ನೇ ಮತ್ತೆ ತೆರೆದು ಬಣ್ಣದ ಪರೀಕ್ಷೆ ಮಾಡಿ. ವಾಟ್ಸ್ಆ್ಯಪ್‌ನಲ್ಲಿ ಪ್ರೆಸ್ಸಿಗೆ ಕಳಿಸುವುದಾದರೆ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊ ಆಗಿ ಹೋದರೆ ದಾರಿಯಲ್ಲೇ ಪಾರದರ್ಶಕತೆ ಕಳೆದುಹೋಗುತ್ತದೆ.

ಇನ್ನೊಂದು ವಿಷಯ ಅನೇಕರಿಗೆ ಗೊತ್ತಿರುವುದಿಲ್ಲ. ಆಲ್ಫಾ 0 ಆದಾಗ ಪಿಕ್ಸೆಲ್ ಕಾಣದಾಗುತ್ತದೆ, ಆದರೆ ಅದರ ಕೆಂಪು, ಹಸಿರು, ನೀಲಿ ಅಂಕಿಗಳು ಹಾಗೆಯೇ ಉಳಿದಿರಬಹುದು. ಜಿಂಪ್‌ನ ರಬ್ಬರಿನಲ್ಲಿ Anti erase ಎಂಬ ಆಯ್ಕೆಯಿದೆ, ಅದನ್ನು ಆಡಿಸಿದರೆ ಅಳಿಸಿದ ಗೋಡೆ ವಾಪಸು ಬರುತ್ತದೆ. ಬರೀ ಗೋಡೆಯಾದರೆ ಚಿಂತೆಯಿಲ್ಲ. ದೀಪದ ಹಿಂದೆ ಮನೆಯವರ ಮುಖವೋ, ಕ್ಯಾಲೆಂಡರಿನ ಮೇಲೆ ಗೀಚಿದ ಫೋನ್ ನಂಬರೋ ಇದ್ದು ಅದಕ್ಕಾಗಿಯೇ ಅಳಿಸಿದ್ದರೆ ಮಾತ್ರ ಎಚ್ಚರ ಬೇಕು. ಪಿಎನ್‌ಜಿ ಉಳಿಸುವಾಗ ಬರುವ ಪಟ್ಟಿಯಲ್ಲಿ Save color values from transparent pixels ಎಂಬುದರ ಮುಂದಿನ ಗುರುತನ್ನು ತೆಗೆದುಬಿಡಿ. ಜಿಂಪ್‌ನ ಸ್ವಂತ ಎಕ್ಸ್‌ಸಿಎಫ್ ಫೈಲಿನಲ್ಲಿ ಆ ಅಂಕಿಗಳೆಲ್ಲ ಇದ್ದೇ ಇರುತ್ತವೆ, ಅದನ್ನು ಬೇರೆಯವರಿಗೆ ಕೊಡಬೇಡಿ.